ದರಪಟ್ಟಿಯಿಂದ ರೇಟು ತಾನೇ ಬರಲಿ: ವಿಲುಕಪ್ ಮೊದಲ ಪಾಠ

[ತೆರೆಯ ಮೇಲೆ: ಖಾಲಿ ಗೂಗಲ್ ಶೀಟ್]

ನಮಸ್ಕಾರ. ಮಡಗಾಂವ್‌ನಿಂದ ಮಾತಾಡ್ತಾ ಇದ್ದೀನಿ. ಗೋವಾದಲ್ಲಿ ಹೋಟೆಲ್‌ಗಳಿಗೆ ತರಕಾರಿ ಹಾಕೋ ನಮ್ಮವರು ತುಂಬಾ ಜನ ಇದ್ದಾರೆ. ಬೆಳಗಾವಿಯಿಂದ ಮಾಲು ಘಟ್ಟ ಇಳಿದು ಬರುತ್ತೆ, ದಿನಾ ಬೆಳಿಗ್ಗೆ ರೇಟು ಬದಲಾಗುತ್ತೆ. ಬಿಲ್ ಮಾಡುವಾಗ ಪಟ್ಟಿ ನೋಡಿ ನೋಡಿ ರೇಟು ಟೈಪ್ ಮಾಡೋದು ತಲೆನೋವಿನ ಕೆಲಸ. ಅದನ್ನು ಶೀಟ್‌ಗೇ ಒಪ್ಪಿಸೋಣ, ವಿಲುಕಪ್ ಅನ್ನೋ ಫಾರ್ಮುಲಾದಿಂದ. ಫಾರ್ಮುಲಾ ಅಂದರೆ ಏನು ಅಂತ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಕಂಪ್ಯೂಟರ್‌ನಲ್ಲಿ ಒಂದು ಹೊಸ ಶೀಟ್ ತೆರೆದಿಟ್ಟುಕೊಳ್ಳಿ, ಸಾಕು. ಎಕ್ಸೆಲ್ ಆದರೂ ನಡೆಯುತ್ತೆ.

ಮೊದಲು ದರಪಟ್ಟಿ. ಮೊದಲ ಸಾಲು ತಲೆಬರಹಕ್ಕೆ. A ಕಾಲಂನಲ್ಲಿ ಕೋಡ್, B ನಲ್ಲಿ ಹೆಸರು, C ನಲ್ಲಿ ಕಿಲೋಗೆ ಎಷ್ಟು ಅಂತ. ರೇಟು ಸುಮ್ನೆ ಉದಾಹರಣೆಗೆ ಹಾಕಿದ್ದು, ಇವತ್ತಿನ ಮಾರ್ಕೆಟ್ ಭಾವ ಅಲ್ಲ.

```
A     B                 C
ಕೋಡ್   ತರಕಾರಿ            ರೇಟು
101   ಈರುಳ್ಳಿ            32
102   ಆಲೂಗಡ್ಡೆ           28
103   ಟೊಮೆಟೊ            36
105   ಬೀನ್ಸ್             70
106   ಕ್ಯಾಬೇಜ್           24
107   ಹಸಿಮೆಣಸಿನಕಾಯಿ     60
```

104 ಇಲ್ಲ ಅಲ್ವಾ? ಬೇಕಂತಲೇ ಬಿಟ್ಟಿದ್ದೀನಿ. ನೀವೂ ಬಿಡಿ.

[ವಿರಾಮ: 40 ಸೆಕೆಂಡ್. ತೆರೆಯ ಮೇಲೆ ಪಟ್ಟಿ ಹಾಗೇ ಇರಲಿ]

D ಕಾಲಂ ಖಾಲಿ ಇರಲಿ. E ಯಿಂದ ಹೋಟೆಲ್‌ನವರ ಆರ್ಡರ್. E ನಲ್ಲಿ ಕೋಡ್, F ನಲ್ಲಿ ಕಿಲೋ. G ಗೆ ರೇಟು ಅಂತ, H ಗೆ ಮೊತ್ತ ಅಂತ ತಲೆಬರಹ ಕೊಟ್ಟು ಕೆಳಗೆ ಖಾಲಿ ಬಿಡಿ.

```
E     F      G      H
ಕೋಡ್   ಕಿಲೋ   ರೇಟು   ಮೊತ್ತ
103   5
106   8
104   3
101   10
```

[ವಿರಾಮ: 30 ಸೆಕೆಂಡ್]

ಈಗ G2, ಅಂದರೆ G ಕಾಲಂನ ಎರಡನೇ ಸಾಲಿನ ಸೆಲ್ ಮೇಲೆ ಕ್ಲಿಕ್ ಮಾಡಿ. ಇದನ್ನು ಟೈಪ್ ಮಾಡಿ. ಮೊದಲಿಗೆ ಸಮ ಚಿಹ್ನೆ ಇರಲೇಬೇಕು.

```
=VLOOKUP(E2,A2:C7,3,FALSE)
```

[ವಿರಾಮ: 20 ಸೆಕೆಂಡ್]

ಎಂಟರ್ ಒತ್ತಿ. 36 ಬಂತಾ? ಟೊಮೆಟೊ ರೇಟು. ಈಗ ಕಂಸದ ಒಳಗೆ ಏನಿದೆ ನೋಡೋಣ. E2 ಅಂದರೆ ಏನನ್ನು ಹುಡುಕಬೇಕು ಅಂತ. A2:C7 ಅಂದರೆ ಎಲ್ಲಿ ಹುಡುಕಬೇಕು ಅಂತ. ವಿಲುಕಪ್ ಹುಡುಕೋದು ಈ ಪಟ್ಟಿಯ ಮೊದಲ ಕಾಲಂನಲ್ಲಿ ಮಾತ್ರ, ಅದಕ್ಕೇ ಕೋಡ್ ಎಡತುದಿಯಲ್ಲಿ ಇರಬೇಕು. 3 ಅಂದರೆ, ಸಿಕ್ಕಿದ ಸಾಲಿನಲ್ಲಿ ಮೂರನೇ ಕಾಲಂನಲ್ಲಿ ಇರೋದನ್ನು ತಂದುಕೊಡು ಅಂತ. ಆ 3 ಅನ್ನು 2 ಮಾಡಿ ನೋಡಿ, ರೇಟಿನ ಬದಲು ಟೊಮೆಟೊ ಅನ್ನೋ ಹೆಸರೇ ಬರುತ್ತೆ. ನೋಡಿ ಆದಮೇಲೆ ಮತ್ತೆ 3 ಮಾಡಿ. FALSE ಕಥೆ ಆಮೇಲೆ ಹೇಳ್ತೀನಿ.

[ವಿರಾಮ: 20 ಸೆಕೆಂಡ್]

H2 ನಲ್ಲಿ ಮೊತ್ತ. ಐದು ಕಿಲೋಗೆ 180 ಬರಬೇಕು.

```
=F2*G2
```

G2, H2 ಎರಡನ್ನೂ ಸೆಲೆಕ್ಟ್ ಮಾಡಿ. ಬಲಗಡೆ ಕೆಳಮೂಲೆಯಲ್ಲಿ ಚಿಕ್ಕ ಚುಕ್ಕೆ ಇದೆ, ಅದನ್ನು ಹಿಡಿದು ಐದನೇ ಸಾಲಿನವರೆಗೂ ಎಳೆಯಿರಿ. ನಡುವೆ ಶೀಟ್ಸ್ ತಾನೇ ತುಂಬಲಾ ಅಂತ ಕೇಳಿದರೆ ಬೇಡ ಅನ್ನಿ. ಇವತ್ತು ಕೈಯಿಂದಲೇ ಮಾಡೋಣ.

[ವಿರಾಮ: 15 ಸೆಕೆಂಡ್. ತೆರೆಯ ಮೇಲೆ: G4, G5 ಎರಡರಲ್ಲೂ #N/A]

ಎರಡು ಸಾಲಿನಲ್ಲಿ `#N/A` ಬಂದಿದೆ, ಪಕ್ಕದ ಮೊತ್ತದಲ್ಲೂ ಅದೇ. ಗಾಬರಿ ಬೇಡ. ಹುಡುಕಿದೆ, ಸಿಗಲಿಲ್ಲ ಅಂತ ಶೀಟ್ ಹೇಳ್ತಾ ಇದೆ, ಅಷ್ಟೇ. 104 ಪಟ್ಟಿಯಲ್ಲೇ ಇಲ್ಲ, ಸರಿ. ಆದರೆ 101 ಇದೆಯಲ್ಲ? ಈರುಳ್ಳಿ, ಕಣ್ಣೆದುರಿಗೇ ಇದೆ!

G5 ಮೇಲೆ ಡಬಲ್ ಕ್ಲಿಕ್ ಮಾಡಿ. A2:C7 ಇದ್ದದ್ದು A5:C10 ಆಗಿದೆ. ಫಾರ್ಮುಲಾ ಕೆಳಗೆ ಎಳೆದಾಗ ಒಳಗಿನ ವಿಳಾಸಗಳೂ ಒಂದೊಂದೇ ಸಾಲು ಕೆಳಗೆ ಜಾರುತ್ತವೆ. E2 ಜಾರಿ E5 ಆಗೋದು ನಮಗೆ ಬೇಕು. ಪಟ್ಟಿ ಜಾರೋದು ಬೇಡ. ಈರುಳ್ಳಿ ಎರಡನೇ ಸಾಲಲ್ಲಿದೆ, ಶೀಟು ಐದನೇ ಸಾಲಿನಿಂದ ಹುಡುಕ್ತಾ ಇದೆ. ಸಿಗೋದು ಹೇಗೆ? 106 ಕೆಳಗಡೆ ಇದ್ದದ್ದಕ್ಕೆ ಬಚಾವಾಯ್ತು.

ಪಟ್ಟಿಯ ವಿಳಾಸಕ್ಕೆ ಡಾಲರ್ ಚಿಹ್ನೆ ಹಾಕಿದರೆ ಅದು ಅಲುಗಾಡಲ್ಲ. G2 ನಲ್ಲಿ ಹೀಗೆ ತಿದ್ದಿ, ಮತ್ತೆ ಕೆಳಗೆ ಎಳೆಯಿರಿ.

```
=VLOOKUP(E2,$A$2:$C$7,3,FALSE)
```

[ವಿರಾಮ: 30 ಸೆಕೆಂಡ್]

ಈರುಳ್ಳಿಗೆ 32 ಬಂತು. H6 ನಲ್ಲಿ ಒಟ್ಟು ಹಾಕಿ.

```
=SUM(H2:H5)
```

[ವಿರಾಮ: 10 ಸೆಕೆಂಡ್]

ಒಟ್ಟೂ `#N/A` ಅಂತಿದೆ. ಬಿಲ್ ಕೆಟ್ಟಂಗೆ ಕಾಣುತ್ತೆ, ಅಲ್ವಾ? ಇಲ್ಲೇ ಜನ ಎಡವೋದು. ಇದನ್ನು ಹೇಗಾದರೂ ಮರೆಮಾಡಬೇಕು ಅನ್ನಿಸುತ್ತೆ. ಎರಡು ಅಡ್ಡದಾರಿ ಇವೆ, ಎರಡನ್ನೂ ತೋರಿಸ್ತೀನಿ. ನೀವು ಮಾಡಬೇಡಿ, ಸುಮ್ನೆ ನೋಡಿ.

[ತೆರೆಯ ಮೇಲೆ: ನಾಲ್ಕೂ ಸಾಲಿನ ಫಾರ್ಮುಲಾದಿಂದ FALSE ತೆಗೆಯುವುದು]

FALSE ತೆಗೆದೆ. 104 ಗೆ 36 ಬಂತು! ಎಲ್ಲಿಂದ? ಅದು ಟೊಮೆಟೊ ರೇಟು. FALSE ಅಂದರೆ ಕೋಡ್ ತದ್ವತ್ ಸಿಕ್ಕರೆ ಮಾತ್ರ ಕೊಡು ಅಂತ. ಅದನ್ನು ಬರೆಯದಿದ್ದರೆ, ಪಟ್ಟಿ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದೆ ಅಂತ ಶೀಟ್ ನಂಬಿ, 104 ಸಿಗದಿದ್ದರೆ ಅದಕ್ಕಿಂತ ಚಿಕ್ಕದರಲ್ಲಿ ಹತ್ತಿರದ್ದನ್ನು ಎತ್ತಿಕೊಡುತ್ತೆ. ಒಟ್ಟು ನೋಡಿ, ಸರಿಯಾಗಿ 800. ಎಷ್ಟು ಚೆಂದದ ಅಂಕೆ! ಯಾರಿಗೂ ಅನುಮಾನ ಬರಲ್ಲ.

[ತೆರೆಯ ಮೇಲೆ: FALSE ವಾಪಸ್, ಈ ಸಲ IFERROR ಸೇರಿಸುವುದು]

```
=IFERROR(VLOOKUP(E2,$A$2:$C$7,3,FALSE),0)
```

ಎರಡನೇದು ಇದು. ತಪ್ಪು ಬಂದರೆ ಸೊನ್ನೆ ಇಡು ಅಂತ. ಈಗ ಒಟ್ಟು 692. ಮೂರು ಕಿಲೋ ತರಕಾರಿ ಹೋಟೆಲ್‌ಗೆ ಪುಕ್ಕಟೆ ಹೋಯ್ತು. ನನ್ನ ಕೇಳಿದರೆ, ದುಡ್ಡಿನ ಲೆಕ್ಕದಲ್ಲಿ `#N/A` ಕಣ್ಣಿಗೆ ಕಾಣೋದೇ ಒಳ್ಳೇದು.

[ತೆರೆಯ ಮೇಲೆ: ಮೊದಲಿನ ಫಾರ್ಮುಲಾಗೆ ವಾಪಸ್]

ಸರಿಯಾದ ದಾರಿ ಅಂದರೆ ಪಟ್ಟಿಗೆ 104 ಸೇರಿಸೋದು. A8 ನಲ್ಲಿ 104, B8 ನಲ್ಲಿ ಕ್ಯಾಪ್ಸಿಕಂ, C8 ನಲ್ಲಿ 80. ಕೊನೆಯಲ್ಲಿ ಬರೆದರೂ ನಡೆಯುತ್ತೆ, FALSE ಇದ್ದರೆ ಸಾಲಿನ ಕ್ರಮ ಮುಖ್ಯ ಅಲ್ಲ. ಆದರೆ ನಮ್ಮ ಫಾರ್ಮುಲಾ ಏಳನೇ ಸಾಲಿಗೇ ನಿಲ್ಲುತ್ತೆ. ಹೊಸ ತರಕಾರಿ ಬಂದಾಗಲೆಲ್ಲ ತಿದ್ದೋ ಬದಲು ಪೂರ್ತಿ ಕಾಲಂಗಳನ್ನೇ ಕೊಡೋಣ. G2 ನಲ್ಲಿ ಬರೆದು ಕೆಳಗೆ ಎಳೆಯಿರಿ.

```
=VLOOKUP(E2,$A:$C,3,FALSE)
```

[ವಿರಾಮ: 40 ಸೆಕೆಂಡ್. ತೆರೆಯ ಮೇಲೆ: H4 ನಲ್ಲಿ 240, H6 ನಲ್ಲಿ 932]

ಒಟ್ಟು 932. ನಿಮಗೂ ಇಷ್ಟೇ ಬರಬೇಕು.

ಪಟ್ಟಿಯಲ್ಲಿ ಕೋಡ್ ಇದ್ದೂ, ಡಾಲರ್ ಹಾಕಿದ್ದೂ, ಆದರೂ `#N/A` ಬಂದರೆ? ಆ ಕೋಡ್ ಸೆಲ್‌ನ ಎಡಕ್ಕೆ ಅಂಟಿದೆಯಾ, ಬಲಕ್ಕಾ ನೋಡಿ. ಅಂಕಿ ತಾನಾಗಿ ಬಲಕ್ಕೆ ನಿಲ್ಲುತ್ತೆ, ಅಕ್ಷರ ಎಡಕ್ಕೆ. ಬೇರೆ ಕಡೆಯಿಂದ ಕಾಪಿ ಮಾಡಿದ 101 ಕೆಲವೊಮ್ಮೆ ಅಕ್ಷರವಾಗಿ ಕೂತಿರುತ್ತೆ. ನಮಗೆ ಎರಡೂ ಒಂದೇ, ಶೀಟ್‌ಗೆ ಬೇರೆ ಬೇರೆ. ಅಳಿಸಿ, ಫಾರ್ಮ್ಯಾಟ್ ಮೆನುವಿನಲ್ಲಿ ನಂಬರ್ ಆಯ್ದು, ಕೈಯಿಂದ ಮತ್ತೆ ಟೈಪ್ ಮಾಡಿ.

ಕೊನೆಗೆ, ಎಕ್ಸ್‌ಲುಕಪ್ ಬಗ್ಗೆ ಕೇಳಿರಬಹುದು. ಹೀಗಿರುತ್ತೆ:

```
=XLOOKUP(E2,$A:$A,$C:$C)
```

ಎಲ್ಲಿ ಹುಡುಕಬೇಕು, ಎಲ್ಲಿಂದ ತರಬೇಕು ಅಂತ ಬೇರೆ ಬೇರೆ ಹೇಳಬಹುದು. ಕಾಲಂ ಎಣಿಸೋದು ಬೇಡ, FALSE ಬೇಡ, ಕೋಡ್ ಎಡತುದಿಯಲ್ಲೇ ಇರಬೇಕು ಅಂತಲೂ ಇಲ್ಲ. ಗೂಗಲ್ ಶೀಟ್ಸ್‌ನಲ್ಲಿ ಇದೆ, ಎಕ್ಸೆಲ್ 2021 ರಲ್ಲೂ ಇದೆ. ಎಕ್ಸೆಲ್ 2016, 2019 ರಲ್ಲಿ ಇಲ್ಲ. ನಿಮ್ಮ ಬಿಲ್ ಫೈಲನ್ನು ಹೋಟೆಲ್‌ನ ಹಳೇ ಕಂಪ್ಯೂಟರ್‌ನಲ್ಲೂ ತೆರೆಯೋದಿದ್ದರೆ ವಿಲುಕಪ್ಪೇ ಇರಲಿ.