ಮದುವೆ ಊಟದ ಪಂಕ್ತಿ ಪಟ್ಟಿ: ಯಾರು ಎಲ್ಲಿ, ಯಾವಾಗ ಕೂಡಬೇಕು

ನಮಸ್ಕಾರ್ರಿ. ಈಗ ನೀವು ನೋಡ್ತಿರೋದು ಕೊಪ್ಪಳದ ಒಂದು ಕಲ್ಯಾಣ ಮಂಟಪದ ಊಟದ ಹಾಲ್. ಎಲೆ ಇನ್ನೂ ಹಾಕಿಲ್ಲ, ಟೇಬಲ್ ಮಾತ್ರ ಹಾಕಿದಾರೆ. ಆರು ಸಾಲು, ಸಾಲಿಗೆ ಆರು ಟೇಬಲ್, ಟೇಬಲ್‌ಗೆ ಮೂರು ಜನ. ಅಂದ್ರೆ ಒಂದು ಪಂಕ್ತಿಗೆ 108 ಎಲೆ. ಊಟಕ್ಕೆ ಬರೋರು 400 ಜನ ಅಂತ ಹಿಡಿಯೋಣ. ನಾಲ್ಕು ಪಂಕ್ತಿ ಆಗ್ತದೆ. ಉಣ್ಣೋದು, ಎಲೆ ತೆಗೆಯೋದು, ಒರೆಸೋದು ಸೇರಿ ಪಂಕ್ತಿಗೆ 40 ನಿಮಿಷ ಹಿಡೀರಿ. ಹನ್ನೆರಡೂವರೆಗೆ ಶುರುವಾದ್ರೆ ಕೊನೇ ಪಂಕ್ತಿ ಏಳೋದು ಮೂರು ಗಂಟೆ ದಾಟಿದ ಮೇಲೆ. ಪ್ರತಿ ಪಂಕ್ತಿಗೆ 100 ಜನರನ್ನಷ್ಟೇ ಬರ್ಕೊಳ್ರಿ. ಉಳಿದ ಎಂಟು ಎಲೆ, ಹೇಳದೇ ಬರೋರಿಗೆ. ಅವರಿಲ್ಲದ ಮದುವೆ ನಮ್ಮ ಕಡೆ ಇಲ್ಲ.

ಪಟ್ಟಿ ಶುರುವಾಗೋದು ಫೋನಿನಿಂದ. ಪ್ರತಿ ಮನೆಯ ಹಿರಿ ಹೆಣ್ಣುಮಗಳಿಗೆ ಮಾಡ್ರಿ, ಗಂಡಸರಿಗೆ ಮಾಡಿದ್ರೆ "ಎಲ್ಲಾ ನಡೀತದ್ರಿ" ಅಂತ ಇಟ್ಟುಬಿಡ್ತಾರೆ. ಕೇಳೋ ಮಾತೂ ಸರಿ ಇರಬೇಕು. "ಊಟಕ್ಕ ಏನು ಬೇಕು" ಅಂತ ಕೇಳಬ್ಯಾಡ್ರಿ. "ಅಕ್ಕಾರ, ನಿಮ್ಮ ಮನ್ಯಾಗ ಯಾರು ಏನು ಉಣ್ಣಂಗಿಲ್ಲ? ಯಾಕ ಉಣ್ಣಂಗಿಲ್ಲ?" ಅಂತ ಕೇಳ್ರಿ. ಈ ಎರಡನೇ ಪ್ರಶ್ನೆಯೇ ಮುಖ್ಯ. ಮಡಿಗೆ ಬಿಟ್ಟವರು, ಒಗ್ಗದೇ ಬಿಟ್ಟವರು, ಡಾಕ್ಟರ್ ಹೇಳಿ ಬಿಟ್ಟವರು, ಇವರೆಲ್ಲರ ಜಾಗ ಬೇರೆ ಬೇರೆ.

ಮೊದಲು ಉಳ್ಳಾಗಡ್ಡಿ, ಬಳ್ಳೊಳ್ಳಿ ಮುಟ್ಟದವರು. ಇವರಿಗೆ ಪ್ರತ್ಯೇಕ ಸಾಲೇ ಬೇಕು, ಯಾಕಂದ್ರೆ ಅದೇ ಸೌಟು ಎರಡೂ ಬಕೆಟ್‌ಗೆ ಹೋದ್ರೆ ಅವರ ಊಟ ಅಲ್ಲಿಗೇ ಮುಗೀತು. ನಮ್ಮ ಪಟ್ಟಿಯಲ್ಲಿ ಇಂಥವರು ನಾಲ್ಕು ಮನೆಯಲ್ಲಿ ಸೇರಿ 11 ಜನ. ಆದ್ರೆ ಮನೆಯವರನ್ನ ಒಡೆದು ಕೂಡಿಸೋ ಹಾಗಿಲ್ಲ. ಅತ್ತೆ ಒಂದು ಸಾಲಿಗೆ, ಸೊಸೆ ಮೊಮ್ಮಕ್ಕಳು ಇನ್ನೊಂದು ಸಾಲಿಗೆ ಅಂದ್ರೆ ಅತ್ತೆ ಉಣ್ಣೋದೇ ಇಲ್ಲ, ಎದ್ದು ಮೊಮ್ಮಕ್ಕಳ ಹತ್ರ ಹೋಗ್ತಾರೆ. ಹಂಗಾಗಿ ಇಡೀ ಮನೆಯನ್ನ ಕಟ್ಟುನಿಟ್ಟಿನ ಸಾಲಿಗೇ ತರಬೇಕು. ಉಳ್ಳಾಗಡ್ಡಿ ತಿನ್ನೋರು ಉಳ್ಳಾಗಡ್ಡಿ ಇಲ್ಲದ ಊಟ ಉಣ್ಣಬಹುದು, ತಿನ್ನದವರು ಈ ಕಡೆ ಬರೋಕಾಗಲ್ಲ.

ಎಲ್ಲರೂ ಎಡವೋದು ಇಲ್ಲೇ ನೋಡ್ರಿ. ನಾಲ್ಕು ಮನೆ ಅಂದ್ರೆ 9, 6, 5, 4. ಒಟ್ಟು 24 ಜನ. ಅಡುಗೆಯವರಿಗೆ ಮಾತ್ರ "ಉಳ್ಳಾಗಡ್ಡಿ ಇಲ್ಲದ್ದು 11 ಮಂದಿಗ" ಅಂತ ಹೇಳಿರ್ತಾರೆ. ಸಾಲಿನ ಅರ್ಧಕ್ಕೆ ಸಾರು ಖಾಲಿ. ಆಗ ಗಡಿಬಿಡಿಯಲ್ಲಿ ಯಾರೋ ಮಾಮೂಲಿ ಬಕೆಟ್ ತರ್ತಾರೆ. ಅಡುಗೆಯವರಿಗೆ ಹೇಳಬೇಕಾದ್ದು ಬಿಟ್ಟವರ ಲೆಕ್ಕ ಅಲ್ಲ, ಆ ಸಾಲಿಗೆ ಕೂಡೋರ ಲೆಕ್ಕ. 24ಕ್ಕೆ ಮೂರು ಸೇರಿಸಿ 27 ಅನ್ರಿ. ಒಬ್ಬರಿಗೆ 150 ಮಿಲಿ ಸಾರಂದ್ರೂ ನಾಲ್ಕು ಲೀಟರ್, 75 ಗ್ರಾಂ ಪಲ್ಯ ಅಂದ್ರೆ ಎರಡು ಕೆಜಿ.

ಬೇರೆ ಮಾಡೋ ಅಡುಗೆಯನ್ನ ಎಷ್ಟು ಕಡಿಮೆ ಮಾಡ್ತೀರೋ ಅಷ್ಟು ನಿಶ್ಚಿಂತೆ. ಕೋಸಂಬರಿ, ತೊವ್ವೆ, ಶೇಂಗಾ ಹಿಂಡಿ ಎಲ್ಲರಿಗೂ ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲದೇ ಮಾಡಿಸಿಬಿಡ್ರಿ, ಯಾರೂ ಕೇಳಲ್ಲ. ಅನ್ನ, ಹೋಳಿಗೆ ಹೇಗೂ ಒಂದೇ. ಉಳಿಯೋದು ಎಣ್ಣೆಗಾಯಿ, ಸಾರು ಎರಡೇ. ಅವೆರಡನ್ನ ಉಳ್ಳಾಗಡ್ಡಿ ಹೆಚ್ಚೋದಕ್ಕೂ ಮೊದಲೇ ಮಾಡಿ, ಮುಚ್ಚಿ, ಸೌಟಿನ ಹಿಡಿಕೆಗೆ ಹಳದಿ ದಾರ ಕಟ್ಟಿ ಪಕ್ಕಕ್ಕಿಡಿಸಿ. ಈ ನಾಲ್ಕು ಮನೆಯಲ್ಲಿ ಜೈನರಿದ್ರೆ ಇನ್ನೊಂದು ಮಾತು ಕೇಳ್ಕೊಳ್ರಿ. ಅವರಲ್ಲಿ ಆಲೂಗಡ್ಡೆ, ಗಜ್ಜರಿ, ಹಸಿ ಶುಂಠಿಯಂಥ ನೆಲದೊಳಗೆ ಬೆಳೆಯೋದೂ ನಡೆಯಲ್ಲ, ಬದನೆಕಾಯಿಯನ್ನೂ ಎಷ್ಟೋ ಮನೆಯಲ್ಲಿ ತಿನ್ನಲ್ಲ. ಆಗ ಈ ಸಾಲಿಗೆ ಎಣ್ಣೆಗಾಯಿ ಬದಲು ಹೀರೇಕಾಯಿ ಪಲ್ಯ ಮಾಡಿಸಿದ್ರೆ ಎಲ್ಲರಿಗೂ ಸಲ್ತದೆ.

ಈಗ ಯಾವ ಸಾಲು? ಗೋಡೆ ಪಕ್ಕದ ಆರನೇದು. 9 ಮತ್ತು 6ರ ಮನೆ ಮೊದಲ ಪಂಕ್ತಿಗೆ, 5 ಮತ್ತು 4ರ ಮನೆ ಎರಡನೇದಕ್ಕೆ. ಎರಡನೇ ಸಲ ಒಂಬತ್ತು ಎಲೆ ಉಳೀತಾವೆ. ಅಲ್ಲಿ ಬೇರೆಯವರನ್ನ ಕೂಡಿಸಬ್ಯಾಡ್ರಿ, 27ರ ಲೆಕ್ಕ ಕೆಡ್ತದೆ. ಮೂರು ಟೇಬಲ್ ಎಳೆದು ಬದಿಗೆ ಹಾಕಿಬಿಡ್ರಿ. ಆ ಪಂಕ್ತಿಗೆ 99 ಎಲೆ ಅಷ್ಟೇ ಆಗ್ತಾವೆ, ಹಂಗಾಗಿ ಅದಕ್ಕೆ ಒಂಬತ್ತು ಹೆಸರು ಕಡಿಮೆ ಬರ್ಕೊಂಡು ಅವನ್ನ ಕೊನೇ ಎರಡು ಪಂಕ್ತಿಗೆ ಹಂಚ್ರಿ. ಆದರೂ ಒಂದು ಅಪಾಯ ಉಳೀತದೆ. ಐದನೇ, ಆರನೇ ಸಾಲು ಎದುರುಬದುರು, ನಡುವಿನ ದಾರಿ ಒಂದೇ. ನೀಡೋ ಹುಡುಗರ ಕೈ ರೂಢಿಯಿಂದ ಎಡಕ್ಕೂ ಬಲಕ್ಕೂ ಹೋಗ್ತದೆ. ಬಾಯಿಮಾತಲ್ಲಿ ಹೇಳಿದ್ದು ಎರಡು ನಿಮಿಷ ನೆನಪಿರ್ತದೆ ಅಷ್ಟೇ. ಆರನೇ ಸಾಲಿನ ಪ್ರತಿ ಎಲೆ ಕೆಳಗೆ ಹಳದಿ ಕಾಗದದ ಪಟ್ಟಿ ಕಾಣೋ ಹಾಗೆ ಇಡ್ರಿ, ಹಳದಿ ದಾರದ ಸೌಟು ಇದ್ದವರು ಮಾತ್ರ ಅಲ್ಲಿ ನೀಡ್ಲಿ.

ಶೇಂಗಾ ಒಗ್ಗದವರದ್ದು ಬೇರೆ ಕಥೆ. ಎಲ್ಲೋ ಒಬ್ಬರು ಅಂತ ಬಿಡೋ ಹಾಗಿಲ್ಲ, ಯಾಕಂದ್ರೆ ನಮ್ಮ ಅಡುಗೆಯಲ್ಲಿ ಶೇಂಗಾ ಎಲ್ಲಿ ಇಲ್ಲ? ಹಿಂಡಿ, ಎಣ್ಣೆಗಾಯಿ ಮಸಾಲೆ, ಒಮ್ಮೊಮ್ಮೆ ಹೋಳಿಗೆ ಹೂರಣ, ಗಾಣದ ಎಣ್ಣೆ. ಅಂಥ ಒಂದು ಮಗು ಪಟ್ಟಿಯಲ್ಲಿದ್ರೆ ಸಾಲಿನ ತುದಿ ಎಲೆ ಕೊಡ್ರಿ, ಪಕ್ಕದಲ್ಲಿ ತಾಯಿ, ಆಮೇಲೆ ಮನೆಯವರು. ಅವರ ಎಲೆಗೂ ಹಿಂಡಿ ಬೇಡ. ಒಣ ಹಿಂಡಿ ಮೇಲಿನಿಂದ ಹಾಕುವಾಗ ಪಕ್ಕದ ಎಲೆಗೆ ಉದುರ್ತದೆ. ಆ ಮಗುವಿನ ಊಟ ಮುಚ್ಚಳದ ಡಬ್ಬಿಯಲ್ಲಿ ಅಡುಗೆ ಮನೆಯಿಂದಲೇ ನೇರ ಬರಲಿ, ಬಕೆಟ್‌ನಿಂದ ಏನೂ ಬೇಡ. ಬರೀ ಹಿಂಡಿ ಬಿಟ್ಟರೆ ಸಾಕು ಅಂತ ತಿಳಿದ್ರೆ, ಸೌಟಿಗೆ ಅಂಟಿದ ಶೇಂಗಾ ಎಲೆಗೆ ಬರೋದನ್ನ ತಪ್ಪಿಸೋಕಾಗಲ್ಲ.

ಸಕ್ಕರೆ ಕಾಯಿಲೆಯವರಿಗೆ ಸಾಲು ಬೇಡ, ತುದಿ ಬೇಡ, ಬಣ್ಣದ ಕಾಗದವಂತೂ ಬೇಡವೇ ಬೇಡ. ಹತ್ತು ಜನರ ಎದುರು ಗುರುತು ಹಚ್ಚಿಸ್ಕೊಳ್ಳೋಕೆ ಯಾರಿಗೂ ಮನಸ್ಸಿರಲ್ಲ. ಜನ ಕೂಡೋ ಮೊದಲೇ ಎಲೆಗೆ ಹೋಳಿಗೆ ಹಾಕಿಡಬ್ಯಾಡ್ರಿ, ಕೂತ ಮೇಲೆ "ಹೋಳಿಗಿ ನೀಡ್ಲೆನ್ರಿ?" ಅಂತ ಕೇಳಿ ನೀಡಿದ್ರೆ ಆಯ್ತು. ಅವರ ವಿಷಯದಲ್ಲಿ ಪಟ್ಟಿ ನೋಡಬೇಕಾದ್ದು ಹೊತ್ತು. ಬೆಳಿಗ್ಗೆ ಗುಳಿಗೆ ತಗೊಂಡವರು, ಇನ್ಸುಲಿನ್ ಚುಚ್ಚಿಸ್ಕೊಂಡವರು ಮೂರು ಗಂಟೆ ಪಂಕ್ತಿಗೆ ಕಾಯಬಾರದು, ಸಕ್ಕರೆ ಇಳಿದು ಬೆವರು, ನಡುಕ ಶುರುವಾಗ್ತದೆ. ಸಿಕ್ಕಿಹಾಕಿಕೊಳ್ಳೋದು ಬೇರೆ ಯಾರೂ ಅಲ್ಲ, ಮದುಮಗಳ ಅಜ್ಜಿ. ಮನೆಯವರೆಲ್ಲ ಬೀಗರಿಗೆ ನೀಡಿ ಕೊನೆಗೆ ಕೂಡ್ತಾರಲ್ಲ, ಅಜ್ಜಿಯೂ ಅವರ ಜೊತೆ ಉಪವಾಸ. ಬೀಗರ ಕಡೆಯ ಹಿರಿಯರ ಪಕ್ಕ ಮೊದಲ ಪಂಕ್ತಿಯಲ್ಲೇ ಅಜ್ಜಿಗೆ ಒಂದು ಎಲೆ ಬರೀರಿ. ಜೊತೆಗೆ ಕೂಡಿಸಿದ ಮರ್ಯಾದೆ ಬೀಗರಿಗೂ ಆಗ್ತದೆ.

ಮಾತು ಬಿಟ್ಟ ಅಣ್ಣತಮ್ಮರಿದ್ರೆ ಬೇರೆ ಸಾಲು ಕೊಟ್ರೆ ಸಾಕಾಗಲ್ಲ, ಬೇರೆ ಪಂಕ್ತಿಯೇ ಕೊಡ್ರಿ. ಒಂದೇ ಪಂಕ್ತಿಗೆ ಕೂತ್ರೆ ಕೈ ತೊಳೆಯೋ ನಳದ ಹತ್ರ ಎದುರಾಗೇ ಆಗ್ತಾರೆ.

ಈ ಪಟ್ಟಿಯನ್ನ ಹಾಲ್ ಬಾಗಿಲಿಗೆ ಅಂಟಿಸೋರಿದಾರೆ. ಹಸಿದವರು ನಿಂತು ಓದಲ್ಲ. ಎರಡೂ ಕಡೆಯಿಂದ ಮುಖ ಗುರುತಿರೋ ಒಬ್ಬೊಬ್ಬ ಹಿರಿಯರ ಕೈಗೆ ಕೊಟ್ಟು ಬಾಗಿಲಲ್ಲಿ ನಿಲ್ಲಿಸ್ರಿ. ಅಡ್ಡಹೆಸರು ಒಂದೇ ಇರೋ ಮನೆ ಮೂರ್ನಾಲ್ಕು ಇರ್ತಾವೆ, ಹಂಗಾಗಿ ಊರಿನ ಹೆಸರಿಂದ ಬರ್ಕೊಳ್ರಿ: ಸಿಂಧನೂರಿನವರು ಎಷ್ಟು, ಗಂಗಾವತಿಯವರು ಎಷ್ಟು, ಯಾವ ಪಂಕ್ತಿ, ಯಾವ ಸಾಲು. "ಕಾಕಾರ, ನಿಮ್ದು ಮುಂದಿನ ಪಂಕ್ತಿಗೈತ್ರಿ, ಅಲ್ಲೀತನ ಮಜ್ಜಿಗಿ ಕುಡೀರಿ" ಅಂತ ಅವರು ಹೇಳಿದ್ರೆ ಯಾರೂ ಬೇಜಾರಾಗಲ್ಲ.

ಆ 27ರಲ್ಲಿ ಮೂರು ಹೆಚ್ಚಿಗೆ ಇಟ್ಟದ್ದು ನೆನಪಿದೆಯಲ್ಲ? ಮದುವೆ ಮಾಡಿಸಿದ ಆಚಾರ್ಯರು, ಅವರ ಜೊತೆ ಬಂದ ಇಬ್ಬರು. ಯಾವ ಮನೆಯ ಪಟ್ಟಿಯಲ್ಲೂ ಅವರ ಹೆಸರಿರಲ್ಲ, ಬರೋದು ಎಲ್ಲಾ ವಿಧಿ ಮುಗಿದ ಮೇಲೆ. ಎರಡನೇ ಪಂಕ್ತಿ ಏಳುತ್ತಲೇ ಅವರ ಪಾಲಿನ ಸಾರು, ಪಲ್ಯ ತೆಗೆದು ಮುಚ್ಚಿಡಿಸಿ.