ಹಳೆಯ ಪ್ರಶ್ನೆಪತ್ರಿಕೆ ಮತ್ತು ಹಸಿರು ಶಾಯಿ

ಕೇಳುಗರಿಗೆ ನಮಸ್ಕಾರ. ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿದ್ದೇವೆ ಎಂದು ವಿದ್ಯಾರ್ಥಿಗಳೆಲ್ಲರೂ ಹೇಳುತ್ತಾರೆ. ಯಾವ ವಿಭಾಗಕ್ಕೆ ಎಷ್ಟು ನಿಮಿಷ ಹಿಡಿಯಿತು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ನಡುನಡುವೆ ಪುಸ್ತಕ ತೆರೆದು, ಬೇಕಾದ ಪ್ರಶ್ನೆಗಳನ್ನಷ್ಟೇ ಆರಿಸಿ ಬರೆದರೆ ಅದು ಪರೀಕ್ಷೆಯಲ್ಲ. ನೀವು ಮೊದಲು ನೋಡಿರದ ಪತ್ರಿಕೆ ಬೇಕು. ಮೊಬೈಲ್ ಬೇರೆ ಕೋಣೆಯಲ್ಲಿರಬೇಕು. ಎದುರಿಗೆ ಗಡಿಯಾರವಿರಬೇಕು. ಒಂದೊಂದು ವಿಭಾಗ ಮುಗಿದಾಗಲೂ ಗಂಟೆ ಎಷ್ಟೆಂದು ಅಂಚಿನಲ್ಲಿ ಬರೆಯಬೇಕು. ದಯವಿಟ್ಟು ಇದೊಂದನ್ನು ಬಿಡಬೇಡಿ.

ನನ್ನ ವಿದ್ಯಾರ್ಥಿನಿಯೊಬ್ಬಳ ವಿಷಯ ಹೇಳುತ್ತೇನೆ. ಮೂರು ಗಂಟೆಯ, 100 ಅಂಕಗಳ ಪತ್ರಿಕೆ. ಓದಿಕೊಳ್ಳಲು 10 ನಿಮಿಷ, ಕೊನೆಯಲ್ಲಿ ತಿದ್ದಲು 10 ನಿಮಿಷ ತೆಗೆದಿಟ್ಟರೆ ಬರೆಯಲು ಉಳಿಯುವುದು 160. ಅಂದರೆ 10 ಅಂಕಕ್ಕೆ 16 ನಿಮಿಷ. ಮೊದಲ ವಿಭಾಗದಲ್ಲಿ ಒಂದೊಂದು ಅಂಕದ 20 ಪ್ರಶ್ನೆಗಳಿದ್ದವು. 32 ನಿಮಿಷದಲ್ಲಿ ಮುಗಿಯಬೇಕಿತ್ತು. ಉಳಿದ ಎರಡು ವಿಭಾಗಗಳಿಗೆ ತಲಾ 40 ಅಂಕ, ತಲಾ 64 ನಿಮಿಷ.

ಅವಳು ಹತ್ತು ಗಂಟೆಗೆ ಕುಳಿತಳು. 10.10ಕ್ಕೆ ಬರೆಯತೊಡಗಿದಳು. ಒಂದು ಗಂಟೆ ಬಾರಿಸಿದಾಗ ಕೊನೆಯ ವಿಭಾಗದ ನಾಲ್ಕು ಪ್ರಶ್ನೆಗಳಲ್ಲಿ ಮೂರನೆಯದು ಅರ್ಧಕ್ಕೆ ನಿಂತಿತ್ತು, ನಾಲ್ಕನೆಯದನ್ನು ಮುಟ್ಟಿರಲೇ ಇಲ್ಲ. "ದೊಡ್ಡ ಪ್ರಶ್ನೆಗಳು ನನಗೆ ಬರುವುದಿಲ್ಲ ಸರ್" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ನಾನು ಹಸಿರು ಪೆನ್ನು ಕೊಟ್ಟು, ಪುಸ್ತಕ ಮುಟ್ಟದೆ ಮುಂದುವರಿಸು ಎಂದೆ. ನೀಲಿ ಶಾಯಿಯ ಉತ್ತರಗಳಿಗೆ 64 ಅಂಕ ಬಂದಿತು. ಉಳಿದುಹೋಗಿದ್ದ 14 ಅಂಕಗಳಲ್ಲಿ ಹಸಿರು ಶಾಯಿ 12 ತಂದುಕೊಟ್ಟಿತು. ಅವಳಿಗೆ ಉತ್ತರ ಬರುತ್ತಿತ್ತು, ಹೊತ್ತು ಸಾಲಲಿಲ್ಲ ಅಷ್ಟೇ.

ಹೊತ್ತು ಎಲ್ಲಿ ಹೋಯಿತು? ಅಂಚು ನೋಡಿದೆವು. ಮೊದಲ ವಿಭಾಗ ಮುಗಿದದ್ದು 11.05ಕ್ಕೆ, 32ರ ಬದಲು 55 ನಿಮಿಷ. ಎರಡು ಪ್ರಶ್ನೆಗಳಲ್ಲಿ ಸಿಕ್ಕಿಕೊಂಡು, ಹೊಡೆದು ಹಾಕಿ, ಮತ್ತೆ ಬರೆದಿದ್ದಳು. ಎರಡು ಅಂಕದ ಆಸೆಗೆ ಹನ್ನೆರಡು ಅಂಕ ಹೋಗಿತ್ತು! ಅಂಚಿನಲ್ಲಿ ಗಂಟೆ ಬರೆಯದಿದ್ದರೆ ಅವಳು ದೊಡ್ಡ ಪ್ರಶ್ನೆಗಳನ್ನೇ ಮತ್ತೆ ಮತ್ತೆ ಉರುಹೊಡೆಯುತ್ತ ಕೂರುತ್ತಿದ್ದಳು. ಎರಡು ನಿಮಿಷದಲ್ಲಿ ಹೊಳೆಯದ ಒಂದು ಅಂಕದ ಪ್ರಶ್ನೆಗೆ ಗುರುತು ಹಾಕಿ ಮುಂದೆ ಹೋಗುವುದನ್ನು ಅವಳು ಮುಂದಿನ ಪತ್ರಿಕೆಯಲ್ಲಿ ರೂಢಿಸಿಕೊಂಡಳು.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ತಿದ್ದುವಾಗ ಕಳೆದುಕೊಂಡ ಪ್ರತಿ ಅಂಕದ ಪಕ್ಕದಲ್ಲೂ ಕಾರಣ ಬರೆಯಿರಿ: ಗೊತ್ತಿರಲಿಲ್ಲ, ಪ್ರಶ್ನೆ ತಪ್ಪಾಗಿ ಓದಿದೆ, ಹೊತ್ತು ಸಾಲಲಿಲ್ಲ. ಗೊತ್ತಿರದಿದ್ದಕ್ಕೆ ಮಾತ್ರ ಪುಸ್ತಕ ತೆರೆಯಿರಿ. ವಾರ ಕಳೆದ ಮೇಲೆ ತಪ್ಪಿದ ಪ್ರಶ್ನೆಗಳನ್ನಷ್ಟೇ ನೋಡದೆ ಬರೆಯಿರಿ. ಗಡಿಯಾರ ಇಟ್ಟುಕೊಂಡು ಕೂರುವುದಕ್ಕೆ ಮಾತ್ರ ಪ್ರತಿಸಲವೂ ಹೊಸ ಪತ್ರಿಕೆಯೇ ಬೇಕು, ಉತ್ತರ ನೆನಪಿರುವ ಪತ್ರಿಕೆಯಲ್ಲಿ ಯಾರ ಕೈಯಾದರೂ ಬೇಗ ಓಡುತ್ತದೆ. ನಮಸ್ಕಾರ.