ಎಂಟೇ ಪದದ ವಾಕ್ಯ, ಆದರೂ ಕಗ್ಗಂಟು

ಕೇಳುಗರಿಗೆ ನಮಸ್ಕಾರ.

ಮೊನ್ನೆ ಒಂದು ಸಂಘದ ನಿಯಮಾವಳಿ ತಿದ್ದಲು ಕೂತಿದ್ದೆ. ಅದರಲ್ಲಿದ್ದ ಒಂದು ವಾಕ್ಯ ಕೇಳಿ. "ಕಾರ್ಯದರ್ಶಿಯು ಅಧ್ಯಕ್ಷರು ನೇಮಿಸಿದ ಸಮಿತಿ ನೀಡಿದ ವರದಿಯನ್ನು ಸದಸ್ಯರಿಗೆ ಕಳುಹಿಸತಕ್ಕದ್ದು." ಎಣಿಸಿದರೆ ಎಂಟೇ ಪದ. ಪಕ್ಕದಲ್ಲಿದ್ದವರಿಗೆ ಓದಿ ಹೇಳಿ, ವರದಿ ಕಳುಹಿಸಬೇಕಾದವರು ಯಾರು ಅಂತ ಕೇಳಿದೆ. "ಅಧ್ಯಕ್ಷರು ಅಲ್ವಾ?" ಅಂದರು.

ಬರಹ ಎಷ್ಟು ಸುಲಭ ಅಂತ ಅಳೆಯಲು ಸೂತ್ರಗಳಿವೆ. ಅಮೆರಿಕದಲ್ಲಿ ರುಡಾಲ್ಫ್ ಫ್ಲೆಶ್ 1948ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ. ಅದು ನೋಡುವುದು ಎರಡನ್ನೇ: ಒಂದು ವಾಕ್ಯಕ್ಕೆ ಸರಾಸರಿ ಎಷ್ಟು ಪದ, ಒಂದು ಪದಕ್ಕೆ ಎಷ್ಟು ಉಚ್ಚಾರದ ತುಂಡು. ನೂರರ ಹತ್ತಿರ ಬಂದರೆ ಸುಲಭ, ಸೊನ್ನೆಯ ಹತ್ತಿರ ಬಂದರೆ ಕಷ್ಟ. ಅದು ಇಂಗ್ಲಿಷಿಗಾಗಿ ಮಾಡಿದ ಲೆಕ್ಕ. ಸುಮ್ನೆ ಕುತೂಹಲಕ್ಕೆ "ಅಮ್ಮ ಅಂಗಡಿಗೆ ಹೋದಳು" ಅನ್ನುವುದಕ್ಕೆ ಹಚ್ಚಿ ನೋಡಿದೆ. ಮೂರು ಪದ, ಒಂಬತ್ತು ಅಕ್ಷರ. ಬಂದ ಅಂಕ ಮೈನಸ್ 50! ಇಂಗ್ಲಿಷಿನಲ್ಲಿ ಬಿಡಿಯಾಗಿ ನಿಲ್ಲುವ 'ಟು' ನಮ್ಮಲ್ಲಿ 'ಗೆ' ಆಗಿ ಅಂಗಡಿಗೇ ಅಂಟಿಕೊಳ್ಳುತ್ತದೆ. ಪದ ಉದ್ದವಾಗುತ್ತದೆ, ಸೂತ್ರ ಅದನ್ನು ಕಷ್ಟ ಅಂದುಕೊಳ್ಳುತ್ತದೆ.

ಸರಿ, ಆ ಅಂಕ ಬಿಡೋಣ. ಬರೀ ವಾಕ್ಯದ ಉದ್ದ ನೋಡಿದರೆ ಸಾಲದೇ? ಸಾಲದು. ನಿಯಮಾವಳಿಯ ವಾಕ್ಯಕ್ಕೇ ಬನ್ನಿ. ಕಾರ್ಯದರ್ಶಿ ಮೊದಲಲ್ಲಿ ಬಂದು ನಿಂತಿದ್ದಾರೆ, ಅವರ ಕೆಲಸ ಕೊನೆಯಲ್ಲಿದೆ. ನಡುವೆ ಆರು ಪದ. ಕಾರ್ಯದರ್ಶಿ ಏನು ಮಾಡಬೇಕು ಅಂತ ಗೊತ್ತಾಗುವ ಮೊದಲೇ ಅಧ್ಯಕ್ಷರು ಬಂದರು, ಅವರ ಹಿಂದೆ ಸಮಿತಿ ಬಂತು. ಎಲ್ಲರನ್ನೂ ತಲೆಯಲ್ಲಿ ಕೂರಿಸಿಕೊಂಡು ಕಾಯಬೇಕು. ಈಗ ಒಂದೇ ಒಂದು ಪದ ಜರುಗಿಸುತ್ತೇನೆ. "ಅಧ್ಯಕ್ಷರು ನೇಮಿಸಿದ ಸಮಿತಿ ನೀಡಿದ ವರದಿಯನ್ನು ಕಾರ್ಯದರ್ಶಿಯು ಸದಸ್ಯರಿಗೆ ಕಳುಹಿಸತಕ್ಕದ್ದು." ಅವೇ ಎಂಟು ಪದ, ಅವೇ ಅಕ್ಷರ. ಪದ, ಅಕ್ಷರ ಎಣಿಸುವ ಯಾವ ಸೂತ್ರ ಹಾಕಿದರೂ ಅಂಕ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಕಿವಿಗೆ ಮಾತ್ರ ಗಂಟು ಬಿಚ್ಚಿದ ಹಾಗೆ.

ಇನ್ನೊಂದು ಕೇಳಿ. "ಮೊದಲು ಅರ್ಜಿ ತುಂಬಿ, ಫೋಟೊ ಅಂಟಿಸಿ, ಕೆಳಗೆ ಸಹಿ ಹಾಕಿ, ಆಧಾರ್ ಜೆರಾಕ್ಸ್ ಜೊತೆಗಿಟ್ಟು, ಮೂರನೇ ಕೌಂಟರಿನಲ್ಲಿ ಶುಲ್ಕ ಕಟ್ಟಿ, ರಸೀದಿ ತೆಗೆದುಕೊಂಡು ಹೋಗಿ." ಹದಿನೆಂಟು ಪದ, ಒಂದೇ ವಾಕ್ಯ. ಎಲ್ಲಾದರೂ ಎಡವಿದಿರಾ? ಇಲ್ಲಿ ಒಬ್ಬರೇ ಒಂದಾದ ಮೇಲೊಂದು ಕೆಲಸ ಮಾಡುತ್ತಾರೆ. ಒಂದು ಮುಗಿದ ಕೂಡಲೇ ಅದನ್ನು ತಲೆಯಿಂದ ಇಳಿಸಬಹುದು. ಉದ್ದ ಜಾಸ್ತಿ, ಹೊರೆ ಕಡಿಮೆ.

ಉದ್ದಕ್ಕೆ ಹೆದರಿ ಕತ್ತರಿಸುವವರೂ ಇದ್ದಾರೆ. "ಅಧ್ಯಕ್ಷರು ಸಮಿತಿ ನೇಮಿಸುತ್ತಾರೆ. ಸಮಿತಿ ವರದಿ ಕೊಡುತ್ತದೆ. ಅದನ್ನು ಅವರು ಸದಸ್ಯರಿಗೆ ಕಳುಹಿಸಬೇಕು." ಮೂರೂ ಪುಟ್ಟ ವಾಕ್ಯಗಳು, ಸೂತ್ರಕ್ಕೆ ಖುಷಿ. ಆದರೆ ಈ 'ಅವರು' ಅಂದರೆ ಯಾರು? ಕತ್ತರಿ ಆಡಿಸುವಾಗ ನಮ್ಮ ಕಾರ್ಯದರ್ಶಿಯೇ ಕೆಳಗೆ ಬಿದ್ದುಹೋಗಿದ್ದಾರೆ.

ಆ ಸಂಘಕ್ಕೆ ಪದ ಜರುಗಿಸಿದ ವಾಕ್ಯವನ್ನೇ ಕಳುಹಿಸಿದೆ, 'ತಕ್ಕದ್ದು' ಇದ್ದಲ್ಲಿ 'ಬೇಕು' ಹಾಕಿ.